ತೊಂಬತ್ತಾರು ಫೈಲು, ಹತ್ತು ನಿಮಿಷ

ಚಿಂತೆ ಮಾಡಲು ನನಗೆ ಕಾರಣ ಬೇಕಾಗಿಲ್ಲ. ಮನೆಗೆ ಬೀಗ ಹಾಕಿ, ಕಾವೂರಿನ ಬಸ್‌ಸ್ಟಾಪಿನವರೆಗೆ ನಡೆದು, ಹಾಕಿದೆನೋ ಇಲ್ಲವೋ ಎಂದು ವಾಪಸು ಹೋಗಿ ಎಳೆದು ನೋಡಿ ಬರುವವನು ನಾನು. ಹೆಂಡತಿ ಒಳಗೆ ಇದ್ದಾಗಲೂ ಒಮ್ಮೆ ಹೀಗೆ ಹೊರಗಿನಿಂದ ಬೀಗ ಹಾಕಿ ಹೋಗಿದ್ದೆ. ಆ ಸಲ ಮಾತ್ರ, ಬೀಗ ಸರಿಯಾಗಿ ಬಿದ್ದಿದೆ ಎಂದು ನನಗೆ ಪೂರ್ತಿ ಖಾತ್ರಿಯಿತ್ತು.

ಈ ಕಥೆಯಲ್ಲಿಯೂ ನನಗೆ ಅಂಥದೇ ಒಂದು ಖಾತ್ರಿ ಇತ್ತು.

ನಾನು ಕೆಲಸ ಮಾಡುವುದು ಒಂದು ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ವಿಮೆಯ ವಿಭಾಗದಲ್ಲಿ. ರೋಗಿ ಗುಣವಾಗಿ ಮನೆಗೆ ಹೋದ ಮೇಲೆ ಅವನ ಫೈಲು ವಾರ್ಡಿನಿಂದ ಟ್ರಾಲಿಯಲ್ಲಿ ಲಿಫ್ಟ್ ಇಳಿದು ನಮ್ಮ ಹತ್ತಿರ ಬರುತ್ತದೆ. ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟ್, ಡಾಕ್ಟರರ ಸಹಿ, ಆಪರೇಶನ್ ಆಗಿದ್ದರೆ ದೇಹದೊಳಗೆ ಹಾಕಿದ ಸಾಮಾನಿನ ಸ್ಟಿಕ್ಕರ್, ಎಲ್ಲ ಇದೆಯೇ ಎಂದು ನೋಡಿ, ಸ್ಕ್ಯಾನ್ ಮಾಡಿ, ವಿಮೆ ಕಂಪೆನಿಗೆ ಕಳುಹಿಸಬೇಕು. ಹೇಳಿದ ದಿನಗಳ ಒಳಗೆ ಹೋಗದಿದ್ದರೆ ಅವರು ಪ್ರಶ್ನೆ ಎತ್ತುತ್ತಾರೆ. ಒಂದು ಪ್ರಶ್ನೆಗೆ ಉತ್ತರ ಕೊಡುವ ಹೊತ್ತಿಗೆ ಎರಡು ಹೊಸ ಫೈಲು ಮುಗಿಸಬಹುದು. ಆದ್ದರಿಂದ ಟ್ರಾಲಿಯಲ್ಲಿ ಪೆಂಡಿಂಗ್ ಉಳಿಯಬಾರದು ಎಂಬುದು ನಮ್ಮಲ್ಲಿರುವ ಒಂದೇ ನೀತಿ.

ಈ ಕೆಲಸಕ್ಕೆ ನಾಲ್ಕು ಮಂದಿ ಹೆಂಗಸರು. ಮೂವರು ಖಾಯಂ. ನಾಲ್ಕನೆಯವರು ಗುತ್ತಿಗೆಯ ಮೇಲೆ ಇದ್ದವರು, ಕಾಟಿಪಳ್ಳದಿಂದ ಬರುತ್ತಿದ್ದರು. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ಉಳಿದ ಮೂವರಿಗೆ ಅಕ್ಕ. ನನಗಿಂತ ಚಿಕ್ಕವರು, ಆದರೂ ಎಲ್ಲರ ಬಾಯಲ್ಲಿ ಕೇಳಿ ಕೇಳಿ ನಾನೂ ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದೆ. ಅವರ ಗಂಡ ಗಲ್ಫಿನ ಕೆಲಸ ಬಿಟ್ಟು ಬಂದು ವರ್ಷವಾಗಿತ್ತು, ಇಲ್ಲಿ ಇನ್ನೂ ಹುಡುಕುತ್ತಿದ್ದರು. ಮಗಳು ಪಿಯುಸಿ. ಅಕ್ಕನ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದಿತ್ತು.

ತಿಂಗಳ ಮೊದಲ ವಾರ ಆಡಳಿತಾಧಿಕಾರಿ ನನ್ನನ್ನು ಮೇಲಕ್ಕೆ ಕರೆಸಿದರು. ಅವರ ಕೋಣೆಯಲ್ಲಿ ಎ.ಸಿ. ಇದೆ, ನಮ್ಮ ನೆಲಮಾಳಿಗೆಯಲ್ಲಿ ಅದೇ ಎ.ಸಿ.ಯ ನೀರು ತೊಟ್ಟಿಕ್ಕುವ ಬಕೆಟ್ ಇದೆ.

"ಕೆಳಗೆ ನಾಲ್ಕು ಜನ ಬೇಕಾ, ಮೂರು ಸಾಕಾ?" ಎಂದರು. "ನನಗೆ ಕಥೆ ಬೇಡ. ಒಂದು ನಂಬರ್ ಕೊಡಿ. ಗುತ್ತಿಗೆ ಮುಂದುವರಿಸುದೋ ಬಿಡುದೋ ಅದರ ಮೇಲೆ."

ಹೀಗೆ ಒಬ್ಬರ ಅನ್ನದ ಪ್ರಶ್ನೆ ನನ್ನ ಮುಂದೆ ಲೆಕ್ಕವಾಗಿ ಬಂತು. ನಿಜ ಹೇಳುವುದಾದರೆ ನನಗೆ ಒಳಗೊಳಗೇ ಖುಷಿಯಾಯಿತು. ಚಿಂತೆ ಮಾಡುವವನಿಗೆ ಲೆಕ್ಕದಷ್ಟು ಸಮಾಧಾನ ಬೇರೆ ಯಾವುದೂ ಕೊಡುವುದಿಲ್ಲ. ಉತ್ತರ ಬಂದ ಮೇಲೆ ಕೆಳಗೆ ಎರಡು ಗೆರೆ ಎಳೆದು ಮಲಗಬಹುದು.

ಲೆಕ್ಕ ಸುಲಭ. ದಿನಕ್ಕೆ ಎಷ್ಟು ಫೈಲು ಬರುತ್ತದೆ? ವಾರ್ಡಿನವರು ಕೆಳಗೆ ಕಳುಹಿಸುವಾಗ ಬರೆಯುವ ರಿಜಿಸ್ಟರಿನಲ್ಲಿ ಸರಾಸರಿ ತೊಂಬತ್ತಾರು. ಒಂದಕ್ಕೆ ಎಷ್ಟು ಹೊತ್ತು? ನಮ್ಮ ಸಾಫ್ಟ್‌ವೇರ್ ಫೈಲು ತೆರೆದ ಕ್ಷಣದಿಂದ ಮುಚ್ಚುವವರೆಗೆ ಸಮಯ ಅಳೆಯುತ್ತದೆ. ಸರಾಸರಿ ಹತ್ತು ನಿಮಿಷ. ತೊಂಬತ್ತಾರನ್ನು ಹತ್ತರಿಂದ ಗುಣಿಸಿದರೆ ದಿನಕ್ಕೆ ಒಂಬೈನೂರ ಅರುವತ್ತು ನಿಮಿಷದ ಕೆಲಸ. ಊಟ, ಚಹಾ ಕಳೆದು ಒಬ್ಬರು ನಿಜವಾಗಿ ಕೂತು ಕೆಲಸ ಮಾಡುವುದು ಏಳು ಗಂಟೆ, ಎಂದರೆ ನಾನೂರ ಇಪ್ಪತ್ತು ನಿಮಿಷ. ಭಾಗಿಸಿದರೆ ಎರಡೂಕಾಲು ಚಿಲ್ಲರೆ. ಎರಡು ಜನ ಸಾಲದು, ಮೂರು ಜನರಿಗೆ ಉಸಿರಾಡಲು ಜಾಗವೂ ಉಳಿಯುತ್ತದೆ.

ಮೂರು. ಕೆಳಗೆ ಎರಡು ಗೆರೆ.

ಒಂದೇ ಒಂದು ಸಣ್ಣ ಕಸ ಕಣ್ಣಿಗೆ ಬಿದ್ದಿತ್ತು. ಸಾಫ್ಟ್‌ವೇರಿನ ವರದಿಯಲ್ಲಿ ದಿನದ ಸಂಖ್ಯೆ ತೊಂಬತ್ತಾರು ಇರಲಿಲ್ಲ, ನೂರ ನಲುವತ್ತರ ಆಸುಪಾಸು ಇತ್ತು. ಎಲ್ಲದಕ್ಕೂ ಚಿಂತೆ ಮಾಡುವ ನಾನು ಇದಕ್ಕೆ ಮಾತ್ರ ಮಾಡಲಿಲ್ಲ. ಸಾಫ್ಟ್‌ವೇರ್ ಏನೋ ಡಬಲ್ ಎಣಿಸುತ್ತಿರಬೇಕು, ವಾರ್ಡಿನ ರಿಜಿಸ್ಟರ್ ಕೈಬರಹದ್ದು, ಅದೇ ಸತ್ಯ ಎಂದುಕೊಂಡೆ. ಸಂಖ್ಯೆಯನ್ನು ಒಂದು ಕಡೆಯಿಂದ, ಸಮಯವನ್ನು ಇನ್ನೊಂದು ಕಡೆಯಿಂದ ತೆಗೆದುಕೊಂಡೆ.

ಜೊತೆಗೆ, ಯಾರ ಹೆಸರಿನಲ್ಲಿ ಎಷ್ಟು ಫೈಲು ಎಂಬ ಪಟ್ಟಿಯೂ ಇತ್ತು. ಅಕ್ಕನ ಹೆಸರಿನ ಮುಂದೆ ಇದ್ದದ್ದು ಉಳಿದವರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅವರು ದಿನಕ್ಕೆ ಎರಡು ಸಲ ಕುರ್ಚಿ ಬಿಟ್ಟು ಎದ್ದು ಹೋಗುವುದನ್ನು ನಾನೂ ನೋಡಿದ್ದೆ. ಮೇಲಿನ ಕ್ಯಾಂಟೀನಿಗೆ ಇರಬಹುದು ಎಂದುಕೊಂಡಿದ್ದೆ. ಕೇಳಿರಲಿಲ್ಲ. ಹೆಂಗಸರು ಎದ್ದು ಹೋದರೆ ಎಲ್ಲಿಗೆ ಎಂದು ಕೇಳುವುದು ನನ್ನಂಥವನಿಗೆ ಸಂಕೋಚ.

ಆಡಳಿತಾಧಿಕಾರಿ ಹಾಳೆ ನೋಡಿ ತಲೆಯಾಡಿಸಿದರು. "ಕಾಗದದಲ್ಲಿ ಸರಿ ಉಂಟು. ಒಂದು ವಾರ ಮೂರೇ ಜನ ಇಟ್ಟು ನೋಡಿ. ಅವರಿಗೆ ರಜೆ ಬಾಕಿ ಉಂಟಲ್ಲ, ತಗೊಳ್ಳಿಕ್ಕೆ ಹೇಳಿ. ಮೂವರಲ್ಲಿ ಕೆಲಸ ಆದ್ರೆ ಆಯ್ತು."

ಅಕ್ಕನಿಗೆ ರಜೆ ಹಾಕಲು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಾರಣ ಹೇಳುವ ಧೈರ್ಯ ನನಗಿರಲಿಲ್ಲ.

"ನಿಮ್ಮ ರಜೆ ಬಾಕಿ ಉಂಟು. ಮುಂದಿನ ವಾರ ತಗೊಂಡುಬಿಡಿ."

"ಎಂತಕ್ಕೆ ಸರ್ ಸಡನ್ನಾಗಿ?"

"ತಗೊಳ್ಳದಿದ್ರೆ ಸುಮ್ಮನೆ ಹೋಗ್ತದೆ."

ಅವರು ನನ್ನ ಮುಖವನ್ನೇ ನೋಡಿದರು. "ಮೂರು ವರ್ಷದಿಂದ ಹೋಗ್ತಾ ಉಂಟು ಸರ್. ಆಗ ಯಾರೂ ಹೇಳ್ಲಿಲ್ಲ." ಆಮೇಲೆ ಟಿಫಿನ್ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ, "ಆಯ್ತು. ನನ್ನ ಪುಸ್ತಕ ಡ್ರಾಯರಲ್ಲಿ ಉಂಟು. ಬೇಕಾದ್ರೆ ನೋಡಿ" ಎಂದರು.

ಆ ಪುಸ್ತಕ ನಾನು ಕಂಡದ್ದೇ. ಉದ್ದದ, ನೀಲಿ ರಟ್ಟಿನ ನೋಟ್‌ಬುಕ್ಕು. ಭಜನೆಯ ಹಾಡು ಬರೆದಿಟ್ಟುಕೊಂಡಿರಬೇಕು ಎಂದು ನನ್ನ ಊಹೆ. ಅದು ನನಗೆ ಯಾಕೆ ಬೇಕು?

ಸೋಮವಾರ ಬೆಳಿಗ್ಗೆ ಟ್ರಾಲಿ ಖಾಲಿ ಇತ್ತು. ಸಂಜೆ ಅದರಲ್ಲಿ ಹದಿನೆಂಟು ಫೈಲು ಉಳಿದಿತ್ತು. ಸೋಮವಾರ ಯಾವಾಗಲೂ ಹೆಚ್ಚೇ ಎಂದು ನನಗೆ ನಾನೇ ಹೇಳಿಕೊಂಡೆ. ರಿಜಿಸ್ಟರ್ ನೋಡಿದರೆ ಆ ದಿನ ಬಂದದ್ದು ತೊಂಬತ್ತಾರೇ, ಒಂದೂ ಹೆಚ್ಚಿಲ್ಲ. ಮಂಗಳವಾರ ಸಂಜೆ ಮೂವತ್ತೇಳು.

ಆ ಸಂಜೆ ಕಾವೂರಿನ ಕೆರೆಯ ಸುತ್ತ ನಡೆಯುವಾಗ ಹೆಂಡತಿ ಕೇಳಿದಳು. "ಎಂತ ಮಾರಾಯ್ರೇ, ಮೂರು ಸುತ್ತು ಆಯ್ತು, ಒಂದು ಮಾತಿಲ್ಲ. ಎಂತ ಮಂಡೆಬಿಸಿ?"

"ಹದಿನೆಂಟು ಇದ್ದದ್ದು ಮೂವತ್ತೇಳು ಆಯ್ತು."

"ಎಂತದು? ಬಿ.ಪಿ.ಯಾ?"

"ಫೈಲು."

"ಓ, ಫೈಲಾ. ಅದಕ್ಕೆ ಮಾತ್ರೆ ಇಲ್ಲ" ಎಂದು ಅವಳು ಮುಂದೆ ನಡೆದಳು. ಹಿಂದೆ ಉಳಿದು ನಾನು ಯೋಚಿಸಿದೆ. ಒಂದು ದಿನ ಕೆಟ್ಟದ್ದಾದರೆ ಅದು ದಿನದ ತಪ್ಪು. ಎರಡು ದಿನವೂ ಒಂದೇ ಅಳತೆಯಲ್ಲಿ, ಹದಿನೆಂಟು ಹತ್ತೊಂಬತ್ತರಂತೆ ಬೆಳೆದರೆ ಅದು ದಿನದ ತಪ್ಪಲ್ಲ. ಬರುವುದು ತೊಂಬತ್ತಾರು, ಹೋಗುವುದು ಎಪ್ಪತ್ತೇಳು ಎಪ್ಪತ್ತೆಂಟು. ನನ್ನ ಹಾಳೆಯ ಪ್ರಕಾರ ಮೂವರು ನೂರ ಇಪ್ಪತ್ತಾರು ಮುಗಿಸಬೇಕಿತ್ತು. ಉಳಿದದ್ದು ಎಲ್ಲಿ ಹೋಯಿತು?

ಮೊದಲ ಅನುಮಾನ ನನ್ನ ಮೇಲೆ ಬರಲಿಲ್ಲ. ಮೂವರೂ ಸೇರಿ ಬೇಕೆಂದೇ ನಿಧಾನ ಮಾಡುತ್ತಿದ್ದಾರೆ, ಅಕ್ಕನ ಪರವಾಗಿ, ಎಂದುಕೊಂಡೆ. ಬುಧವಾರ ಬೆಳಿಗ್ಗೆಯಿಂದ ಕನ್ನಡಕದ ಮೇಲಿನಿಂದ ಅವರನ್ನು ನೋಡುತ್ತ ಕೂತೆ. ಚಹಾಕ್ಕೆ ಎದ್ದವರು ಹತ್ತು ನಿಮಿಷದಲ್ಲಿ ವಾಪಸು. ಊಟಕ್ಕೆ ಹೋದವರು ಕೈ ಒರೆಸುತ್ತಲೇ ಬಂದು ಕೂತರು. ಮಧ್ಯದಲ್ಲಿ ಒಬ್ಬೊಬ್ಬರೇ ಮೂರು ನಾಲ್ಕು ಫೈಲು ಹಿಡಿದು ಮೆಟ್ಟಿಲು ಹತ್ತುವುದು, ಇಳಿಯುವುದು. ಸಂಜೆ ಟ್ರಾಲಿಯಲ್ಲಿ ಐವತ್ತೈದು.

ಮೂವರಲ್ಲಿ ಪಡೀಲಿನವಳೊಬ್ಬಳು, ನಮ್ಮಲ್ಲಿ ಅತಿ ವೇಗದವಳು, ಹೊರಡುವ ಮೊದಲು ನನ್ನ ಮೇಜಿನ ಎದುರು ನಿಂತಳು.

"ಸರ್, ಅಕ್ಕ ಇಲ್ಲದೆ ಇದು ಆಗುದಿಲ್ಲ."

"ಅವರು ಮಾಡುದು ನಿಮ್ಮ ಅರ್ಧ ಅಲ್ವಾ?"

ಅವಳಿಗೆ ನಗು ಬಂತು. ಮೇಲಧಿಕಾರಿಯ ಎದುರು ನಗಬಾರದೆಂದು ತಡೆದಳು, ಆಗಲಿಲ್ಲ. "ಸರ್, ನಮ್ಮ ಅರ್ಧ ಕೆಲಸ ಮುಗಿಸುದೇ ಅವರು. ನೀವು ಒಂದು ಫೈಲ್ ನೋಡಿ, ಬನ್ನಿ."

ಅವಳ ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆದು ತೋರಿಸಿದಳು. ಅದರ ಚರಿತ್ರೆಯಲ್ಲಿ ಎರಡು ಸಾಲು. ಬೆಳಿಗ್ಗೆ ತೆರೆದದ್ದು, ಹನ್ನೊಂದು ನಿಮಿಷಕ್ಕೆ ಮುಚ್ಚಿದ್ದು. ಮಧ್ಯಾಹ್ನ ಮತ್ತೆ ತೆರೆದದ್ದು, ಒಂಬತ್ತು ನಿಮಿಷಕ್ಕೆ ಕಳುಹಿಸಿದ್ದು.

"ಬೆಳಿಗ್ಗೆ ಯಾಕೆ ಮುಚ್ಚಿದ್ದು?"

"ಡಾಕ್ಟರ್ ಸೈನ್ ಇರ್ಲಿಲ್ಲ. ಮೇಲೆ ಹೋಗಿ ಹಾಕಿಸಿಕೊಂಡು ಬರ್ಬೇಕಲ್ಲ."

"ತೆರೆದೇ ಇಡ್ಬಹುದಿತ್ತಲ್ಲ?"

"ತೆರೆದಿಟ್ರೆ ನನ್ನ ಟೈಮ್ ಓಡ್ತದೆ ಸರ್." ಅವಳು ಗೋಡೆಯ ಕಡೆಗೆ ಕೈ ತೋರಿಸಿದಳು. "ಬೋರ್ಡ್ ನೀವೇ ಹಾಕಿದ್ದಲ್ವಾ?"

ಹೌದು, ನಾನೇ ಹಾಕಿದ್ದು. ಎಂಟು ತಿಂಗಳ ಹಿಂದೆ, ಒಂದು ತರಬೇತಿಗೆ ಹೋಗಿ ಬಂದ ಉತ್ಸಾಹದಲ್ಲಿ, ಯಾರ ಸರಾಸರಿ ಸಮಯ ಕಡಿಮೆಯೋ ಅವರ ಹೆಸರಿನ ಮುಂದೆ ಬಂಗಾರದ ಬಣ್ಣದ ಸ್ಟಾರ್ ಅಂಟಿಸುವ ಬೋರ್ಡು. ಅಂದಿನಿಂದ ತಿಂಗಳು ತಿಂಗಳೂ ಸರಾಸರಿ ಇಳಿಯುತ್ತ ಹದಿನೈದರಿಂದ ಹತ್ತಕ್ಕೆ ಬಂದಿತ್ತು. ನಾನು ಅದನ್ನು ಮೀಟಿಂಗಿನಲ್ಲಿ ಎರಡು ಸಲ ಹೇಳಿ ಹೊಗಳಿಸಿಕೊಂಡಿದ್ದೆ. ಕೆಲಸ ಬೇಗವಾದದ್ದಲ್ಲ, ಒಂದು ಕೆಲಸ ಎರಡು ತುಂಡಾದದ್ದು. ಏನಾದರೂ ಕಾಣೆಯಾಗಿದೆ ಎಂದು ಗೊತ್ತಾದ ಕೂಡಲೇ ಫೈಲು ಮುಚ್ಚುವುದು, ಅಕ್ಕನ ಮೇಜಿನ ಮೇಲೆ ಇಡುವುದು. ಅಕ್ಕ ದಿನಕ್ಕೆ ಎರಡು ಸಲ ಕಟ್ಟು ಹಿಡಿದು ಎಲ್ಲ ವಾರ್ಡು ಸುತ್ತುವುದು. ತಂದ ಮೇಲೆ ಮತ್ತೆ ತೆರೆಯುವುದು. ಸಾಫ್ಟ್‌ವೇರಿಗೆ ಅದು ಎರಡು ಕೆಲಸ, ಒಂದೊಂದಕ್ಕೆ ಹತ್ತು ನಿಮಿಷ. ವಾರ್ಡಿನ ರಿಜಿಸ್ಟರಿಗೆ ಒಂದೇ ಫೈಲು. ನೂರ ನಲುವತ್ತು ಡಬಲ್ ಎಣಿಕೆಯಲ್ಲ. ಎಷ್ಟು ಸಲ ತೆರೆಯಿತೋ ಅಷ್ಟು.

ಆಮೇಲೆ ಡ್ರಾಯರಿನಿಂದ ನೀಲಿ ಪುಸ್ತಕ ತೆಗೆದೆ.

ಭಜನೆ ಇರಲಿಲ್ಲ. ಫೈಲಿನ ನಂಬರ್, ಏನು ಕಾಣೆ, ಯಾವ ವಾರ್ಡು, ಹೊರಟದ್ದು ಎಷ್ಟಕ್ಕೆ, ಬಂದದ್ದು ಎಷ್ಟಕ್ಕೆ. ಸಾಲು ಸಾಲು, ಪುಟ ಪುಟ. ಕೆಲವು ಕಡೆ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ: "ಡಾಕ್ಟರ್ ಓ.ಟಿ.ಯಲ್ಲಿ, ಮೂರರ ನಂತರ", "ಈ ಸಿಸ್ಟರಲ್ಲಿ ಸ್ಟಿಕ್ಕರ್ ಕೇಳಿದರೆ ಬೈಯುತ್ತಾರೆ, ಇನ್ನೊಬ್ಬರಲ್ಲಿ ಕೇಳಬೇಕು". ಹತ್ತು ದಿನದ್ದು ಎಣಿಸಿದೆ. ದಿನಕ್ಕೆ ಸುಮಾರು ನಲುವತ್ತೆಂಟು. ತೊಂಬತ್ತಾರರಲ್ಲಿ ಸರಿ ಅರ್ಧ. ಸುತ್ತು ಎರಡು, ಒಂದೊಂದು ಒಂದು ಗಂಟೆ.

ಮತ್ತೆ ಹಾಳೆ ತೆಗೆದೆ. ಅರ್ಧದಷ್ಟು ಫೈಲು ಒಂದೇ ಸಲ, ಇನ್ನರ್ಧ ಎರಡು ಸಲ. ಸರಾಸರಿ ಒಂದೂವರೆ ಸಲ, ಒಂದು ಸಲಕ್ಕೆ ಹತ್ತು ನಿಮಿಷ, ಆದ್ದರಿಂದ ಒಂದು ಫೈಲಿಗೆ ಹದಿನೈದು. ತೊಂಬತ್ತಾರು ಫೈಲಿಗೆ ಸಾವಿರದ ನಾನೂರ ನಲುವತ್ತು ನಿಮಿಷ. ಅದರ ಮೇಲೆ ನಡೆಯುವ ನೂರ ಇಪ್ಪತ್ತು. ಒಟ್ಟು ಸಾವಿರದ ಐನೂರ ಅರುವತ್ತು. ನಾನೂರ ಇಪ್ಪತ್ತರಿಂದ ಭಾಗಿಸಿದರೆ ಮೂರು ಪಾಯಿಂಟ್ ಏಳು. ಮೂವರು ಎಷ್ಟು ಬೆವರಿದರೂ ದಿನಕ್ಕೆ ಎಪ್ಪತ್ತೆಂಟು ಮೀರದು. ಟ್ರಾಲಿ ನನಗೆ ಸೋಮವಾರವೇ ಇದನ್ನು ಹೇಳಿತ್ತು.

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ.

"ನಾಳೆ ಬರ್ಲಿಕ್ಕೆ ಆಗ್ತದಾ?"

"ರಜೆ ಶನಿವಾರದ ವರೆಗೆ ಅಲ್ವಾ ಸರ್?"

"ಇಲ್ಲ, ಬನ್ನಿ."

ಆ ಕಡೆ ಕುಕ್ಕರ್ ಎರಡು ಸೀಟಿ ಹಾಕಿತು. "ಪೆಂಡಿಂಗ್ ಎಷ್ಟು?"

"ಐವತ್ತೈದು."

"ಪರ್ವಾಗಿಲ್ಲ. ನಾನು ಅರುವತ್ತಾದೀತು ಅಂತ ಲೆಕ್ಕ ಹಾಕಿದ್ದೆ" ಎಂದು ಅವರು ಫೋನಿಟ್ಟರು.

ಲೆಕ್ಕ ಹಾಕಿದ್ದರು! ಹಾಗಾದರೆ ರಜೆ ಯಾಕೆಂದು ಗೊತ್ತಿತ್ತು. ಗೊತ್ತಿದ್ದೂ ಪುಸ್ತಕ ಎಲ್ಲಿದೆ ಎಂದು ಹೇಳಿ ಹೋಗಿದ್ದರು. ನಾನು ಮೂರು ದಿನ ಅದನ್ನು ತೆರೆಯಲಿಲ್ಲ.

ಗುರುವಾರ ಬೆಳಿಗ್ಗೆ ಹೊಸ ಹಾಳೆ, ನೀಲಿ ಪುಸ್ತಕ ಎರಡನ್ನೂ ಹಿಡಿದು ಮೇಲೆ ಹೋದೆ. ಆಡಳಿತಾಧಿಕಾರಿ ಹಳೆಯ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದರು.

"ಹೋದ ವಾರ ಮೂರು. ಈ ವಾರ ನಾಲ್ಕು. ಬರುವ ವಾರ ಐದು ಹೇಳ್ತೀರಾ?"

"ಹೋದ ವಾರದ್ದು ನನ್ನ ತಪ್ಪು ಸರ್. ಫೈಲನ್ನು ಒಂದು ಪುಸ್ತಕದಿಂದ ಎಣಿಸಿದೆ, ಟೈಮನ್ನು ಇನ್ನೊಂದರಿಂದ ತಗೊಂಡೆ. ಎರಡೂ ಒಂದೇ ವಸ್ತುವಿನದ್ದಾಗಿರ್ಲಿಲ್ಲ."

"ಇದರಲ್ಲಿಯೂ ನಾಲ್ಕು ಇಲ್ಲವಲ್ಲ. ಮೂರು ಪಾಯಿಂಟ್ ಏಳು." ಅವರು ಪೆನ್ನಿನ ತುದಿಯಿಂದ ಅಂಕಿಯನ್ನು ತಟ್ಟಿದರು. "ಮೂರೂವರೆ ಮಾಡುವ. ಅವರು ಅರ್ಧ ದಿನ ಬರ್ಲಿ. ಅರ್ಧ ಗುತ್ತಿಗೆ."

ಇಂಥ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ "ಆಯ್ತು ಸರ್" ಎನ್ನುತ್ತೇನೆ. ಮನೆಗೆ ಹೋಗಿ, ಹೇಳಬೇಕಾಗಿದ್ದ ಮಾತನ್ನು ಹೆಂಡತಿಗೆ ಹೇಳುತ್ತೇನೆ. ಆದರೆ ಹಿಂದಿನ ಸಂಜೆಯೆಲ್ಲ ನಾನು ಚಿಂತೆ ಮಾಡಿದ್ದು ಇದೇ ಒಂದು ಪ್ರಶ್ನೆಯನ್ನು. ಚಿಂತೆಯಿಂದ ಉಪಯೋಗವಾದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

"ಮೂರೂವರೆ ಜನ ಅಂದ್ರೆ ಸಾವಿರದ ನಾನೂರ ಎಪ್ಪತ್ತು ನಿಮಿಷ ಸರ್. ಕೆಲಸ ಸಾವಿರದ ಐನೂರ ಅರುವತ್ತು. ದಿನಕ್ಕೆ ತೊಂಬತ್ತು ನಿಮಿಷ ಕಡಿಮೆ. ಐದಾರು ಫೈಲು."

"ಐದಾರು ತಾನೆ? ಅಷ್ಟು ಉಳಿದ್ರೆ ಎಂತ ಆಗ್ತದೆ?"

"ಮರುದಿನ ಅದರ ಮೇಲೆ ಇನ್ನೈದಾರು. ವಾರಕ್ಕೆ ಮೂವತ್ತಮೂರು. ಅದು ತಾನಾಗಿ ಯಾವತ್ತೂ ಇಳಿಯುದಿಲ್ಲ. ಕಡಿಮೆ ಬಿದ್ದದ್ದು ಎಷ್ಟೇ ಸಣ್ಣದಿರ್ಲಿ, ದಿನಾ ಬಿದ್ರೆ ಟ್ರಾಲಿ ತುಂಬ್ಲೇಬೇಕು. ನಾಲ್ಕು ಜನ ಇದ್ರೆ ದಿನಕ್ಕೆ ನೂರ ಮೂರು ಆಗ್ತದೆ, ಏಳು ಫೈಲಿನಷ್ಟು ಜಾಗ ಉಳೀತದೆ. ಒಬ್ಬರಿಗೆ ಜ್ವರ ಬಂದ್ರೆ ಅದೂ ಇಲ್ಲ."

ಅವರು ನೀಲಿ ಪುಸ್ತಕದ ಪುಟ ತಿರುವಿದರು. ಬೈಯುವ ಸಿಸ್ಟರಿನ ಸಾಲಿಗೆ ಬಂದಾಗ ಬಾಯಿ ಕೊಂಕಿಸಿದರು. ಯಾರೆಂದು ಅವರಿಗೂ ಗೊತ್ತಿತ್ತು.

"ಈ ಅರ್ಧ ಫೈಲು ಸಹಿ ಇಲ್ಲದೆ ಕೆಳಗೆ ಬರುದ್ಯಾಕೆ? ಅದನ್ನು ನಿಲ್ಲಿಸಿದ್ರೆ ಮೂರು ಸಾಕಲ್ಲ?"

"ಸಾಕು ಸರ್" ಎಂದೆ. ಅದೂ ಸರಿಯೇ ಇತ್ತು. "ಆದ್ರೆ ಅದಕ್ಕೆ ಡಾಕ್ಟರುಗಳಿಗೆ ಹೇಳ್ಬೇಕು. ನಾನು ಹೇಳುದಾ, ನೀವು ಹೇಳ್ತೀರಾ?"

ಅವರು ಪೆನ್ನಿನ ಮುಚ್ಚಳ ತೆಗೆದು, ಹೊಸ ಹಾಳೆಯ ಕೆಳಗೆ ನಾಲ್ಕು ಎಂದು ಬರೆದರು.

ಅಕ್ಕ ಅಷ್ಟರಲ್ಲಿ ಕೆಳಗೆ ಬಂದು, ಐವತ್ತೈದನ್ನು ವಾರ್ಡಿನ ಪ್ರಕಾರ ಐದು ಕಟ್ಟು ಮಾಡಿ ಮೇಜಿನ ಮೇಲೆ ಜೋಡಿಸಿದ್ದರು. ನಾನು ಪುಸ್ತಕ ವಾಪಸು ಕೊಟ್ಟೆ. ಮೂರು ದಿನದಲ್ಲಿ ಕೂಡಿಬಿದ್ದದ್ದನ್ನು ದಿನಕ್ಕೆ ಏಳರಂತೆ ಇಳಿಸಲು ಎಂಟು ದಿನ ಬೇಕು ಎಂದು ಹೇಳಿದೆ. ಅವರು ಹೂಂ ಎಂದರು. ಕ್ಷಮೆ ಕೇಳಬೇಕಿತ್ತು. ಅದರ ಬದಲು ಬಾಯಿಗೆ ಬಂದದ್ದು ಇನ್ನೊಂದು ಯೋಜನೆ.

"ನೀವು ವಾರ್ಡಿಗೆ ಹೋಗಿ ಬರುವ ಟೈಮನ್ನೂ ಇನ್ನು ಕಂಪ್ಯೂಟರಿಗೆ ಹಾಕುವ. ನಿಮ್ಮ ಕೆಲಸ ಕಾಣ್ಬೇಕಲ್ಲ."

"ಬೇಡ ಸರ್."

"ಯಾಕೆ?"

"ನಾಳೆ ಯಾರು ಬೇಗ ನಡೀತಾರೆ ಅಂತ ಅದಕ್ಕೊಂದು ಸ್ಟಾರ್ ಅಂಟಿಸ್ತೀರಿ. ನಾನು ಮೆಟ್ಟಿಲಲ್ಲಿ ಓಡ್ಬೇಕಾದೀತು."

ಪಡೀಲಿನವಳು ಕಂಪ್ಯೂಟರಿನ ಹಿಂದೆ ತಲೆ ಬಗ್ಗಿಸಿದಳು. ಭುಜ ಅಲುಗುತ್ತಿತ್ತು. ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಬೋರ್ಡು ಇಳಿಸಿದೆ. ಸ್ಟಾರುಗಳು ಗಟ್ಟಿಯಾಗಿ ಅಂಟಿದ್ದವು, ಉಗುರಿನಿಂದ ಕೆರೆಯಬೇಕಾಯಿತು. ಮುಂದಿನ ತಿಂಗಳು ಸಾಫ್ಟ್‌ವೇರಿನ ಸರಾಸರಿ ಹದಿಮೂರು ನಿಮಿಷಕ್ಕೆ ಏರಿತು. ಮೀಟಿಂಗಿನಲ್ಲಿ ನನ್ನನ್ನು ಯಾರೂ ಹೊಗಳಲಿಲ್ಲ.

ಟ್ರಾಲಿ ಖಾಲಿಯಾಗಲು ಎಂಟಲ್ಲ, ಒಂಬತ್ತು ದಿನ ಹಿಡಿಯಿತು. ನಡುವೆ ಒಬ್ಬಳಿಗೆ ನಿಜವಾಗಿಯೇ ಜ್ವರ ಬಂದು ಅರ್ಧ ದಿನ ಹೋಯಿತು. ಒಂಬತ್ತನೆಯ ದಿನ ಮೇಲಿನಿಂದ ಅಕ್ಕನ ಗುತ್ತಿಗೆಯ ಪತ್ರವೂ ಬಂತು. ಲಕೋಟೆಯನ್ನು ನಾನೇ ಅವರ ಮೇಜಿಗೆ ಕೊಂಡುಹೋದೆ. ಅವರು ಒಡೆದು, ಕೊನೆಯ ಸಾಲಿಗೇ ಕಣ್ಣು ಹಾಯಿಸಿದರು.

"ಹನ್ನೊಂದು ತಿಂಗಳು" ಎಂದರು.

"ಎಲ್ಲರಿಗೂ ಹಾಗೆಯೇ ಕೊಡುದು."

"ಗೊತ್ತುಂಟು ಸರ್. ಹನ್ನೊಂದು ತಿಂಗಳಾದ ಮೇಲೆ ಪುನಃ ಲೆಕ್ಕ ಮಾಡ್ತೀರಲ್ಲ, ಆಗ ಮೊದಲು ನನ್ನನ್ನು ಕೇಳಿ."

ಪತ್ರವನ್ನು ಮಡಚಿ ನೀಲಿ ಪುಸ್ತಕದೊಳಗೆ ಇಟ್ಟರು. ಗಡಿಯಾರ ನೋಡಿ ಹೊರಟ ಸಮಯ ಬರೆದುಕೊಂಡರು. ಆಮೇಲೆ ಸಹಿ ಇಲ್ಲದ ಫೈಲುಗಳ ಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು.